ವಿದೇಶಕ್ಕೆ ಕಳುಹಿಸುವ ಕಂಪನಿ ‘ಹೈಪೋ ಟ್ಯಾಕ್ಸ್’ ಎಂದು ಸಂಬಳದಲ್ಲಿ ಹಿಡಿಯುವುದೇಕೆ?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ವರ್ಷಕ್ಕೆ 36,75,000 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದೇನೆ. ಮೂರು ವರ್ಷಕ್ಕೆ ನನ್ನನ್ನು ಮ್ಯೂನಿಕ್‌ಗೆ ಕಳುಹಿಸುತ್ತಿದ್ದಾರೆ. ಹೆಂಡತಿ ಮತ್ತು ಇಬ್ಬರು ಮಕ್ಕಳು ಜೊತೆಗೆ ಬರುತ್ತಾರೆ. ಪತ್ರದಲ್ಲಿ ತಿಂಗಳಿಗೆ 2,000 ಯೂರೋವರೆಗೆ ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ‘ಟ್ಯಾಕ್ಸ್ ಈಕ್ವಲೈಸೇಶನ್ ಅನ್ವಯ’ ಎಂದಿದೆ. ಆದರೆ ಮಾದರಿ ಪೇಸ್ಲಿಪ್‌ನಲ್ಲಿ ‘ಹೈಪೋ ಟ್ಯಾಕ್ಸ್’ ಎಂದು ಪ್ರತಿ ತಿಂಗಳು 74,100 ರೂಪಾಯಿ ಕಡಿತ ತೋರಿಸಿದ್ದಾರೆ. ಜರ್ಮನಿಯಲ್ಲಿ ತೆರಿಗೆ ಕಟ್ಟುವಾಗ ಇದೇಕೆ? ಎರಡೆರಡು ಬಾರಿ ತೆರಿಗೆ ಕಟ್ಟಿದಂತೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಆದರೆ ನಿಮಗೆ ತೋರಿಸಿರುವ ಮೊತ್ತ ಸರಿಯಲ್ಲ ಎಂದು ನನಗೆ ಅನಿಸುತ್ತದೆ; ಅದರ ಲೆಕ್ಕವನ್ನು ಮುಂದೆ ಕೊಡುತ್ತೇನೆ.

ಟ್ಯಾಕ್ಸ್ ಈಕ್ವಲೈಸೇಶನ್, ಅಂದರೆ ತೆರಿಗೆ ಸಮೀಕರಣದ ಮೂಲ ತತ್ವ ಇಷ್ಟೇ: ನೀವು ಬೆಂಗಳೂರಿನಲ್ಲೇ ಉಳಿದಿದ್ದರೆ ನಿಮ್ಮ ಜೇಬಿನಿಂದ ಎಷ್ಟು ತೆರಿಗೆ ಹೋಗುತ್ತಿತ್ತೋ, ಮ್ಯೂನಿಕ್‌ನಲ್ಲಿದ್ದಾಗಲೂ ಅಷ್ಟೇ ಹೋಗಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಆ ಊಹಾತ್ಮಕ ತೆರಿಗೆಯೇ ಹೈಪೋ ಟ್ಯಾಕ್ಸ್. ಅದನ್ನು ಕಂಪನಿ ನಿಮ್ಮ ಸಂಬಳದಿಂದ ಹಿಡಿದು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಬದಲಿಗೆ ಭಾರತದಲ್ಲಿ ಆಗಲಿ, ಜರ್ಮನಿಯಲ್ಲಿ ಆಗಲಿ, ಈ ಕೆಲಸದ ಸಂಬಳಕ್ಕೆ ನಿಜವಾಗಿ ಬೀಳುವ ತೆರಿಗೆಯನ್ನೆಲ್ಲ ತಾನೇ ಕಟ್ಟುತ್ತದೆ. ಜರ್ಮನಿಯಲ್ಲಿ ಆದಾಯ ತೆರಿಗೆಯ ದರ 42 ಮತ್ತು 45 ಪ್ರತಿಶತದವರೆಗೆ ಏರುವುದರಿಂದ, ಈ ಏರ್ಪಾಡಿಲ್ಲದೆ ಹೋದವರ ಕೈಗೆ ಬರುವ ಹಣ ಬೇಗ ಕರಗುತ್ತದೆ.

ಹೀಗೆ ಹಿಡಿದ ಹೈಪೋ ಟ್ಯಾಕ್ಸ್ ಸರ್ಕಾರಕ್ಕೆ ಜಮೆಯಾಗುವ ಹಣವಲ್ಲ. ಆದ್ದರಿಂದ ಅದು ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾದ ತೆರಿಗೆಯನ್ನು ತೋರಿಸುವ 26ಎಎಸ್‌ನಲ್ಲಿ ಕಾಣಿಸುವುದಿಲ್ಲ. ಕಾಣಿಸಲಿಲ್ಲವೆಂದು ಗಾಬರಿಯಾಗಬೇಡಿ, ರಿಟರ್ನ್ ಸಲ್ಲಿಸುವಾಗ ಅದನ್ನು ಕಟ್ಟಿದ ತೆರಿಗೆಯೆಂದು ತೋರಿಸಲೂಬೇಡಿ. ಗಾಬರಿಯಾಗಬೇಕಾದ ಸಂದರ್ಭ ಬೇರೆ: ಪೇಸ್ಲಿಪ್‌ನಲ್ಲಿ ಹೈಪೋ ಟ್ಯಾಕ್ಸ್ ಸಾಲೂ ಟಿಡಿಎಸ್ ಸಾಲೂ ಎರಡೂ ಇದ್ದು, ಎರಡೂ ನಿಮ್ಮ ಸಂಬಳದಿಂದಲೇ ಕಳೆಯುತ್ತಿದ್ದರೆ, ಆಗ ನಿಜಕ್ಕೂ ಎರಡು ಬಾರಿ ಕಟ್ಟುತ್ತಿದ್ದೀರಿ. ಹೊರಟ ಮೊದಲ ಎರಡು ಮೂರು ತಿಂಗಳು, ಪೇರೋಲ್‌ನವರಿಗೆ ಬದಲಾವಣೆ ತಲುಪುವ ಮುನ್ನ, ಈ ತಪ್ಪು ಆಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಈಗ ನಿಮ್ಮ 74,100ರ ವಿಷಯಕ್ಕೆ ಬರೋಣ. ಹೊಸ ತೆರಿಗೆ ಪದ್ಧತಿಯ 2025–26ರ ದರಗಳಂತೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ನಿಮ್ಮ ತೆರಿಗೆಯ ಆದಾಯ 36 ಲಕ್ಷ. ಅದರಲ್ಲಿ ಮೊದಲ 24 ಲಕ್ಷಕ್ಕೆ 3 ಲಕ್ಷ ತೆರಿಗೆ, ಉಳಿದ 12 ಲಕ್ಷಕ್ಕೆ ಶೇ 30ರಂತೆ 3.6 ಲಕ್ಷ, ಒಟ್ಟಿನ ಮೇಲೆ ಶೇ 4 ಸೆಸ್. ಕೊನೆಗೆ 6,86,400 ರೂಪಾಯಿ, ಅಂದರೆ ತಿಂಗಳಿಗೆ 57,200. ಹಾಗಾದರೆ 74,100 ಎಲ್ಲಿಂದ ಬಂತು? ಹಳೆಯ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು 80ಸಿ ಅಡಿಯ 1.5 ಲಕ್ಷ ಮಾತ್ರ ಕಳೆದು, ಎಚ್‌ಆರ್‌ಎ ವಿನಾಯಿತಿ ಕೊಡದೆ ಲೆಕ್ಕ ಹಾಕಿದರೆ ವರ್ಷಕ್ಕೆ ಸರಿಯಾಗಿ 8,89,200, ತಿಂಗಳಿಗೆ 74,100 ಬರುತ್ತದೆ. ನಿಮ್ಮ ಕಂಪನಿ ಹೀಗೇ ಮಾಡಿರಬೇಕು. ಊರಲ್ಲೇ ಇದ್ದಿದ್ದರೆ ಯಾವ ಪದ್ಧತಿ ಲಾಭವೋ ಅದನ್ನೇ ನೀವು ಆರಿಸಿಕೊಳ್ಳುತ್ತಿದ್ದಿರಿ. ಹಾಗಿರುವಾಗ ವರ್ಷಕ್ಕೆ 2,02,800 ರೂಪಾಯಿ ಹೆಚ್ಚು ಹಿಡಿಯುವುದು ಸಮೀಕರಣದ ತತ್ವಕ್ಕೇ ವಿರುದ್ಧ. ಹೈಪೋ ಟ್ಯಾಕ್ಸ್‌ನ ಲೆಕ್ಕದ ಹಾಳೆಯನ್ನು ಕೇಳಿ ಪಡೆಯಿರಿ, ಯಾವ ಪದ್ಧತಿ ಎಂದು ಅದರಲ್ಲಿ ಬರೆಸಿರಿ. ಈ ಹಾಳೆ ಕೇಳಲು ಸಂಕೋಚಪಡುವವರೇ ಹೆಚ್ಚು, ಆದರೆ ಇದು ನಿಮ್ಮ ಹಣದ ಲೆಕ್ಕ.

ಬಾಡಿಗೆ ಮತ್ತು ಶಾಲಾ ಶುಲ್ಕ ಈ ಹೈಪೋ ಲೆಕ್ಕದೊಳಗೆ ಬರಬಾರದು. ಬೆಂಗಳೂರಿನಲ್ಲಿದ್ದರೆ ಅವು ನಿಮಗೆ ಸಿಗುತ್ತಲೇ ಇರಲಿಲ್ಲ, ಹಾಗಾಗಿ ಅವುಗಳ ಮೇಲೆ ನಿಮ್ಮ ಪಾಲಿನ ತೆರಿಗೆ ಸೊನ್ನೆ. ಆದರೆ ಕುಟುಂಬ ಸಮೇತ ಹೋದವರಿಗೆ ಕಂಪನಿ ಕೊಡುವ ಬಾಡಿಗೆಯೂ ಶಾಲಾ ಶುಲ್ಕವೂ ಜರ್ಮನಿಯಲ್ಲಿ ಸಾಮಾನ್ಯವಾಗಿ ಸಂಬಳವೆಂದೇ ಪರಿಗಣಿತವಾಗಿ ತೆರಿಗೆಗೆ ಒಳಪಡುತ್ತವೆ. ನಿಮ್ಮ ಮೇಲ್‌ಹಂತದ ದರ ಶೇ 40 ಎಂದು ಇಟ್ಟುಕೊಳ್ಳಿ. ಮನೆಯೊಡೆಯನಿಗೆ 2,000 ಯೂರೋ ಪೂರ್ತಿಯಾಗಿ ತಲುಪಬೇಕಾದರೆ ಕಂಪನಿ ಸುಮಾರು 3,333 ಯೂರೋ ಸಂಬಳವೆಂದು ತೋರಿಸಿ, ಅದರಲ್ಲಿ 1,333 ಯೂರೋ ತೆರಿಗೆ ಕಟ್ಟಬೇಕು, ಏಕೆಂದರೆ ನಿಮ್ಮ ಪರವಾಗಿ ಕಟ್ಟಿದ ತೆರಿಗೆಯೂ ನಿಮಗೆ ಸಂದ ಸಂಬಳವೇ. ಇದಕ್ಕೆ ಗ್ರಾಸ್‌-ಅಪ್ ಎನ್ನುತ್ತಾರೆ. ಪತ್ರದಲ್ಲಿ ಬರೀ ‘2,000 ಯೂರೋ ಭತ್ಯೆ’ ಎಂದಿದ್ದು, ಭತ್ಯೆಗಳಿಗೂ ಸಮೀಕರಣ ಅನ್ವಯವೆಂದು ಇಲ್ಲದಿದ್ದರೆ ನಿಮ್ಮ ಕೈಗೆ ಬರುವುದು 1,200 ಯೂರೋ ಮಾತ್ರ. ‘ತೆರಿಗೆ ಕಳೆದು ನಿವ್ವಳ’ ಎಂಬ ಮಾತನ್ನು ಎರಡೂ ಭತ್ಯೆಗಳ ಪಕ್ಕದಲ್ಲಿ ಬರೆಸಿಕೊಳ್ಳಿ.

ಬಾಡಿಗೆಯಲ್ಲಿ ಇನ್ನೊಂದು ಗೊಂದಲವಿದೆ. ಜರ್ಮನಿಯಲ್ಲಿ ಮನೆಯ ಜಾಹೀರಾತಿನಲ್ಲಿ ಎದ್ದು ಕಾಣುವುದು ಬಹುಮಟ್ಟಿಗೆ ‘ಕಾಲ್ಟ್‌ಮೀಟೆ’, ಅಂದರೆ ಬರಿಯ ಜಾಗದ ಬಾಡಿಗೆ. ಹೀಟಿಂಗ್, ನೀರು, ಕಟ್ಟಡದ ನಿರ್ವಹಣೆ ಸೇರಿದರೆ ‘ವಾರ್ಮ್‌ಮೀಟೆ’ ಆಗುತ್ತದೆ. ವಿದ್ಯುತ್ ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಅದರಲ್ಲೂ ಸೇರಿರುವುದಿಲ್ಲ. ನಿಮ್ಮ 2,000 ಯೂರೋ ಯಾವುದರ ಮಿತಿ ಎಂದು ಪತ್ರ ಹೇಳದಿದ್ದರೆ ವ್ಯತ್ಯಾಸ ನಿಮ್ಮ ಮೇಲೆ ಬೀಳುತ್ತದೆ. ಮನೆಯೊಡೆಯರು ಮೂರು ತಿಂಗಳ ಕಾಲ್ಟ್‌ಮೀಟೆಯಷ್ಟು ಮುಂಗಡವನ್ನು ಕೇಳಬಹುದು, ಕಾನೂನಿನ ಮಿತಿಯೇ ಅದು. ಆ ಹಣವನ್ನು ಯಾರು ಕೊಡುತ್ತಾರೆ, ಮನೆ ಬಿಡುವಾಗ ಅದು ಯಾರಿಗೆ ಮರಳುತ್ತದೆ ಎಂಬುದೂ ಪತ್ರದಲ್ಲಿರಲಿ. ಅಡುಗೆಮನೆಯ ಕಪಾಟು, ಒಲೆಗಳಿಲ್ಲದೆ ಬರಿದಾದ ಮನೆ ಸಿಗುವುದೂ ಅಲ್ಲಿ ಸಾಮಾನ್ಯ, ಆದ್ದರಿಂದ ಮನೆ ಸಜ್ಜುಗೊಳಿಸುವ ಭತ್ಯೆ ಇದೆಯೇ ಎಂದು ವಿಚಾರಿಸಿ. ಇನ್ನು, ಬೆಂಗಳೂರಿನ ಸಂಬಳದಲ್ಲಿರುವ ಎಚ್‌ಆರ್‌ಎಯನ್ನು ಅವರು ನಿಲ್ಲಿಸುತ್ತಾರೋ, ಮುಂದುವರಿಸುತ್ತಾರೋ ನೋಡಿ. ‘ಊರಲ್ಲಿದ್ದರೂ ಬಾಡಿಗೆ ಕೊಡುತ್ತಿದ್ದಿರಲ್ಲ’ ಎಂಬ ವಾದದ ಮೇಲೆ ಕೆಲವು ಕಂಪನಿಗಳು ಒಂದು ಮೊತ್ತವನ್ನು ಕಳೆಯುತ್ತವೆ. ಬಾಡಿಗೆಯ ಮನೆಯಲ್ಲಿದ್ದು ಅದನ್ನು ಖಾಲಿ ಮಾಡಿ ಹೋಗುವವರಿಗೆ ಇದು ನ್ಯಾಯವೇ. ಆದರೆ ಸ್ವಂತ ಮನೆಯ ಸಾಲದ ಕಂತು ಕಟ್ಟುತ್ತಲೇ ಇರುವವರಿಗೆ ಅದು ಭಾರ, ಅದನ್ನು ಮಾತಾಡಿ ಸರಿಪಡಿಸಿಕೊಳ್ಳಬೇಕು.

ಶಾಲೆಯ ವಿಷಯದಲ್ಲಿ ಮಕ್ಕಳ ವಯಸ್ಸೇ ಮುಖ್ಯ. ಕಂಪನಿಗಳ ವಿದೇಶ ನಿಯೋಜನೆಯ ಹೆಚ್ಚಿನ ಪಾಲಿಸಿಗಳು ಶುಲ್ಕ ಕೊಡುವುದು ಆ ದೇಶದಲ್ಲಿ ಶಾಲೆ ಕಡ್ಡಾಯವಾಗುವ ವಯಸ್ಸಿನಿಂದ, ಜರ್ಮನಿಯಲ್ಲಿ ಅದು ಸುಮಾರು ಆರು ವರ್ಷ. ಬೆಂಗಳೂರಿನಲ್ಲಿ ಎಲ್‌ಕೆಜಿ, ಯುಕೆಜಿ ಓದುತ್ತಿರುವ ಮಗು ಅಲ್ಲಿ ಕಿಂಡರ್‌ಗಾರ್ಟನ್‌ಗೆ ಹೋಗಬೇಕು. ಆ ಖರ್ಚು ಪತ್ರದ ‘ಶಾಲಾ ಶುಲ್ಕ’ದಲ್ಲಿ ಸೇರದೆ ಹೋಗಬಹುದು. ಸರ್ಕಾರಿ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಕಲಿಕೆ ಜರ್ಮನ್ ಭಾಷೆಯಲ್ಲಿ. ಮೂರು ವರ್ಷದಲ್ಲಿ ವಾಪಸಾಗುವ ದೊಡ್ಡ ಮಗುವಿಗೆ ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಯನ್ನು ಕೇಳುವುದು ಅತಿಯಾಸೆಯಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಶಾಲೆಗಳು ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತವೆ, ನಮ್ಮಲ್ಲಿ ಬೇಸಿಗೆ ರಜೆ ಮುಗಿದ ಮೇಲೆ. ನಿಮ್ಮನ್ನು ವರ್ಷದ ನಡುವೆ ವಾಪಸ್ ಕರೆಸಿಕೊಂಡರೆ ಮುಂಗಡ ಕಟ್ಟಿದ ಶುಲ್ಕ ಮುಳುಗುತ್ತದೆ, ಆ ನಷ್ಟ ಕಂಪನಿಯದೆಂದು ಬರೆಸಿರಿ. ಮರಳಿ ಕೊಡದ ಪ್ರವೇಶ ಶುಲ್ಕವೂ ಕಂಪನಿಯ ಪಾಲೇ ಎಂದು ಸ್ಪಷ್ಟವಾಗಲಿ.

ಹೊರಡುವ ದಿನಾಂಕಕ್ಕೂ ತೆರಿಗೆಗೂ ಸಂಬಂಧವಿದೆ. ಕೆಲಸಕ್ಕಾಗಿ ಹೊರಡುವ ಭಾರತೀಯ ನಾಗರಿಕರು ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನ ತುಂಬುವ ಮೊದಲೇ ಹೊರಟರೆ, ಅಂದರೆ ಏಪ್ರಿಲ್‌ 1ರಿಂದ ಎಣಿಸಿ ಸೆಪ್ಟೆಂಬರ್ 28ರೊಳಗೆ, ಆ ವರ್ಷ ಅನಿವಾಸಿಗಳು. ರಜೆಗೆ ಬಂದು ಕಳೆದ ದಿನಗಳೂ ಎಣಿಕೆಗೆ ಸೇರುತ್ತವೆ. ಅಕ್ಟೋಬರ್‌ನಲ್ಲಿ ಹೊರಟರೆ ಆ ವರ್ಷ ನಿವಾಸಿಯಾಗಿಯೇ ಉಳಿಯುತ್ತೀರಿ. ಜರ್ಮನಿಯ ಸಂಬಳವೂ ಇಲ್ಲಿ ತೆರಿಗೆಗೆ ಬಂದು, ಅಲ್ಲಿ ಕಟ್ಟಿದ ತೆರಿಗೆಯನ್ನು ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಂತೆ ಹೊಂದಿಸಿಕೊಳ್ಳಬೇಕಾಗುತ್ತದೆ. ಸಮೀಕರಣವಿದ್ದರೆ ಈ ಹೆಚ್ಚುವರಿ ಹೊರೆಯೂ ಕಂಪನಿಯದೇ. ಹೊರಡುವ ಮುನ್ನ ಭವಿಷ್ಯ ನಿಧಿ ಸಂಸ್ಥೆಯಿಂದ ‘ಸರ್ಟಿಫಿಕೇಟ್ ಆಫ್ ಕವರೇಜ್’ ತೆಗೆದುಕೊಳ್ಳಿ. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದ್ದು, ಆ ಪ್ರಮಾಣಪತ್ರವಿದ್ದರೆ ನಿಮ್ಮ ಪಿಎಫ್ ಇಲ್ಲೇ ಮುಂದುವರಿಯುತ್ತದೆ, ಜರ್ಮನಿಯ ಪಿಂಚಣಿ ವಂತಿಗೆ ತಪ್ಪುತ್ತದೆ. ಆ ವಂತಿಗೆಯ ದರ ಶೇ 18.6, ಅದರಲ್ಲಿ ಅರ್ಧ ನೌಕರನದು.

ವರ್ಷದ ಕೊನೆಯ ಲೆಕ್ಕ ತೀರುವಳಿಯಲ್ಲೇ ಜಗಳ ಹುಟ್ಟುವುದು ಹೆಚ್ಚು. ನಿಮಗೆ ನಡುವೆ 4 ಲಕ್ಷ ಬೋನಸ್ ಬಂದು, ಅದರ ಮೇಲೆ ಹೈಪೋ ಹಿಡಿಯದೆ ಪೂರ್ತಿ ಕೊಟ್ಟರೆನ್ನಿ. ತೀರುವಳಿಯಲ್ಲಿ ಹೈಪೋ 6,86,400ರಿಂದ 8,11,200ಕ್ಕೆ ಏರುತ್ತದೆ, ಕಂಪನಿ 1,24,800 ರೂಪಾಯಿ ವಾಪಸ್ ಕೇಳುತ್ತದೆ. ಅದು ನ್ಯಾಯವಾದ ಬೇಡಿಕೆ. ಇದಕ್ಕಿಂತ ನೋವು ಕೊಡುವುದು ಜರ್ಮನಿಯ ರೀಫಂಡ್. ಹೆಂಡತಿಯೊಂದಿಗೆ ಜಂಟಿ ರಿಟರ್ನ್ ಸಲ್ಲಿಸಿದಾಗ ಅಲ್ಲಿನ ತೆರಿಗೆ ಇಲಾಖೆ ಹೆಚ್ಚು ಕಟ್ಟಿದ ಹಣವನ್ನು ನೇರವಾಗಿ ನಿಮ್ಮ ಖಾತೆಗೆ ಹಾಕುತ್ತದೆ. ಆ ತೆರಿಗೆ ಕಟ್ಟಿದ್ದು ಕಂಪನಿ, ಆದ್ದರಿಂದ ಹಣವೂ ಅದರದೇ. ನನ್ನ ಬಳಿ ಬಂದ ಒಬ್ಬರು ಅದನ್ನು ತಮ್ಮ ಉಳಿತಾಯವೆಂದು ತಿಳಿದು ಊರಿನ ಮನೆಯ ರಿಪೇರಿಗೆ ಖರ್ಚು ಮಾಡಿಬಿಟ್ಟಿದ್ದರು. ಎಂಟು ತಿಂಗಳ ಬಳಿಕ ಪತ್ರ ಬಂತು, ಸಂಬಳದಿಂದ ಕಂತುಗಳಲ್ಲಿ ತೀರಿಸಬೇಕಾಯಿತು. ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ನಿಮ್ಮ ಬೆಂಗಳೂರಿನ ಬಾಡಿಗೆ ಆದಾಯ, ಷೇರುಗಳ ಲಾಭ, ಮ್ಯೂನಿಕ್‌ನಲ್ಲಿ ನಿಮ್ಮ ಹೆಂಡತಿ ಕೆಲಸಕ್ಕೆ ಸೇರಿದರೆ ಅವರ ಸಂಬಳ, ಇವು ಸಮೀಕರಣದೊಳಗೆ ಬರುತ್ತವೆಯೇ ಎಂದು ಪಾಲಿಸಿಯಲ್ಲೇ ನೋಡಬೇಕು. ಹೆಂಡತಿಯ ಸಂಬಳವನ್ನು ಹೆಚ್ಚಿನ ಕಂಪನಿಗಳು ಹೊರಗಿಡುತ್ತವೆ, ಆಗ ಜಂಟಿ ರಿಟರ್ನ್‌ನ ತೆರಿಗೆಯನ್ನು ಇಬ್ಬರ ನಡುವೆ ಹೇಗೆ ಹಂಚುತ್ತಾರೆಂಬ ಸೂತ್ರ ಲಿಖಿತವಾಗಿರಬೇಕು. ಹಾಗೆಯೇ, ವಾಪಸ್ ಬಂದ ಮೇಲೆ ಕೈಸೇರುವ ಬೋನಸ್ ಅಥವಾ ಷೇರುಗಳಲ್ಲಿ ಮ್ಯೂನಿಕ್‌ನ ದುಡಿಮೆಗೆ ಸೇರಿದ ಭಾಗಕ್ಕೆ ಜರ್ಮನಿ ಆಗಲೂ ತೆರಿಗೆ ಕೇಳುತ್ತದೆ. ಆ ಹೊತ್ತಿಗೆ ನೀವು ಬೆಂಗಳೂರಿನ ಪೇರೋಲ್‌ನಲ್ಲಿರುತ್ತೀರಿ, ನಿಯೋಜನೆ ಮುಗಿದಿರುತ್ತದೆ. ಸಮೀಕರಣ ಆ ಪಾವತಿಗಳಿಗೂ ಮುಂದುವರಿಯುತ್ತದೆಂಬ ಒಂದು ಸಾಲು ನಿಮ್ಮ ಪತ್ರದಲ್ಲಿ ಇಲ್ಲದಿದ್ದರೆ, ಸಹಿ ಹಾಕುವ ಮೊದಲೇ ಸೇರಿಸಲು ಕೇಳಿ.