ವಿಶ್ವೇಶ್ವರಯ್ಯ, ವಿಶ್ವೇಶ್ವರಯ್ಯನವರು, ವಿಶ್ವೇಶ್ವರಯ್ಯರವರು: ಏನು ಇಡಬೇಕು, ಏನು ಬಿಡಬೇಕು?

ಪ್ರಶ್ನೆ: ಎಂಜಿನಿಯರುಗಳ ದಿನಕ್ಕೆ ನಮ್ಮ ಕಾಲೇಜು ತರುವ ಸಂಚಿಕೆಗೆ ಒಂದು ಲೇಖನ ಬರೆದಿದ್ದೇನೆ. ಅದು ಶುರುವಾಗುವುದು ಹೀಗೆ: ‘ಭಾರತ ರತ್ನ ಸರ್. ಎಂ. ವಿಶ್ವೇಶ್ವರಯ್ಯರವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು.’ ಹೆಸರು ಬಂದ ಕಡೆಯೆಲ್ಲ ಹೀಗೇ ಬರೆದಿದ್ದೇನೆ. ಸಂಪಾದಕರು ‘ಎಲ್ಲ ತೆಗೆಯಿರಿ, ಬರೀ ಹೆಸರು ಸಾಕು’ ಅಂದರು. ಪ್ರಾಂಶುಪಾಲರು ‘ತೆಗೆದರೆ ಅಗೌರವ’ ಅಂದರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ. ಹೆಸರಿನ ಮುಂದೆ ಇರುವುದರಲ್ಲಿ ಹೆಚ್ಚಿನದು ಹೋಗಬೇಕು. ಹೆಸರಿನ ಹಿಂದೆ ಇರುವುದನ್ನು ಮಾತ್ರ ಜಾಗ ನೋಡಿ ತೆಗೆಯಬೇಕು.

ಮೊದಲು ‘ಭಾರತ ರತ್ನ’. ಇದು ಪ್ರಶಸ್ತಿ, ಬಿರುದಲ್ಲ. ಸೇನೆಯ ಮತ್ತು ವಿದ್ಯೆಯ ಹೆಗ್ಗಳಿಕೆ ಬಿಟ್ಟು ಬೇರೆ ಯಾವ ಬಿರುದನ್ನೂ ಸರ್ಕಾರ ಕೊಡುವಂತಿಲ್ಲ ಎಂದು ಸಂವಿಧಾನದ 18ನೇ ವಿಧಿ ಹೇಳುತ್ತದೆ. ಹಾಗಾದರೆ ಭಾರತ ರತ್ನ, ಪದ್ಮಶ್ರೀ ಎಲ್ಲ ಏನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿತ್ತು. 1995ರಲ್ಲಿ ಕೋರ್ಟ್ ಇವು ಬಿರುದುಗಳಲ್ಲ, ಹಾಗಾಗಿ ಕೊಡಬಹುದು ಎಂದಿತು. ಜೊತೆಗೆ ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳಬಾರದು ಎಂದೂ ಹೇಳಿತು. ಆದ್ದರಿಂದ ಆಮಂತ್ರಣ ಪತ್ರಿಕೆಗಳಲ್ಲಿ ನಾವು ದಿನಾ ನೋಡುವ ‘ಪದ್ಮಶ್ರೀ ಡಾ.’ ಎಂಬ ಜೋಡಿ ನಿಯಮದ ಪ್ರಕಾರ ತಪ್ಪು. ಪ್ರಶಸ್ತಿಯ ವಿಷಯ ಹೇಳಬೇಕು ಅನಿಸಿದರೆ ವಾಕ್ಯದಲ್ಲಿ ಹೇಳಿ: ‘1955ರಲ್ಲಿ ಅವರಿಗೆ ಭಾರತ ರತ್ನ ಸಂದಿತು.’ ಓದುಗರಿಗೆ ಇಸವಿಯೂ ಸಿಕ್ಕಿತು ಅಲ್ವಾ?

‘ಸರ್’ ವಿಷಯ ಬೇರೆ. ಅದು ನಿಜವಾಗಿ ಹೆಸರಿಗೆ ಸೇರುವ ಬಿರುದು, ಬ್ರಿಟಿಷರ ಕಾಲದ್ದು. ಇಡಬಹುದು, ಆದರೆ ಎರಡು ಎಚ್ಚರ ಬೇಕು. ಒಂದು, ಅದಕ್ಕೆ ಚುಕ್ಕಿ ಹಾಕಬೇಡಿ. ‘ಡಾ.’ ಎಂಬುದು ‘ಡಾಕ್ಟರ್’ ಪದದ ತುಂಡು, ಅದಕ್ಕೆ ಚುಕ್ಕಿ. ‘ಸರ್’ ಪೂರ್ತಿ ಪದ. ಎಷ್ಟೋ ಬೋರ್ಡುಗಳಲ್ಲಿ ‘ಸರ್.ಎಂ.ವಿ.’ ಎಂದು ಇನಿಷಿಯಲ್ ಥರ ಬರೆದಿರುತ್ತಾರೆ. ನೋಡಿದವರಿಗೆ ಸರ್ ಎಂಬುದು ಅವರ ಊರೋ ತಂದೆಯ ಹೆಸರೋ ಅನಿಸಬೇಕು! ಎರಡನೆಯದು ಕಾಲ. ಅವರಿಗೆ ಆ ಬಿರುದು ಬಂದದ್ದು 1915ರಲ್ಲಿ. ಮುಖ್ಯ ಎಂಜಿನಿಯರ್ ಆದದ್ದು ನೀವೇ ಬರೆದಂತೆ 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಆಗ ಅವರು ಇನ್ನೂ ‘ಸರ್’ ಆಗಿರಲಿಲ್ಲ. ಲೇಖನದ ತಲೆಬರಹದಲ್ಲಿ, ಫೋಟೋದ ಕೆಳಗೆ ‘ಸರ್ ಎಂ. ವಿಶ್ವೇಶ್ವರಯ್ಯ’ ಎಂದಿರಲಿ, ಜನ ಅವರನ್ನು ಗುರುತಿಸುವುದೇ ಹಾಗೆ. 1909ರ ಘಟನೆ ಹೇಳುವ ವಾಕ್ಯದಲ್ಲಿ ಬೇಡ.

‘ಶ್ರೀ’ ಹಾಕಿಲ್ಲ, ಒಳ್ಳೆಯದು. ಸರ್, ಡಾ., ಶ್ರೀ ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ಚರಿತ್ರೆಗೆ ಸೇರಿದವರಿಗೆ ‘ಶ್ರೀ’ಯೂ ಬೇಡ, ‘ದಿವಂಗತ’ವೂ ಬೇಡ.

ಇನ್ನು ಹೆಸರಿನ ಹಿಂದಿನದು. ಜಾಸ್ತಿ ಎಡವುವುದು ಇಲ್ಲೇ.

‘ವಿಶ್ವೇಶ್ವರಯ್ಯ’ ಎಂಬ ಹೆಸರಿನೊಳಗೇ ‘ಅಯ್ಯ’ ಕೂತಿದೆ. ಅಯ್ಯ ಅಂದರೆ ತಂದೆ, ಹಿರಿಯ. ಅಪ್ಪ, ಅಣ್ಣ, ಅಮ್ಮ ಕೂಡ ಹೀಗೇ ಗೌರವಕ್ಕೆಂದು ಬಂದು ಹೆಸರಿನಲ್ಲೇ ಬೆರೆತುಹೋದವು. ಇವನ್ನು ಈಗ ತೆಗೆಯಲು ಬರುವುದಿಲ್ಲ, ಹೆಸರೇ ಬೇರೆಯಾಗುತ್ತದೆ. ಆದರೆ ‘ಅಯ್ಯ’ ಇದೆಯಲ್ಲ, ಗೌರವ ಅಷ್ಟೇ ಸಾಕು ಅಂದುಕೊಳ್ಳುವಂತೆಯೂ ಇಲ್ಲ. ಹೆಸರಿನೊಳಗೆ ಸೇರಿದ ಮೇಲೆ ಅದರ ಗೌರವ ಸವೆದುಹೋಗಿರುತ್ತದೆ. ‘ವಿಶ್ವೇಶ್ವರಯ್ಯ ಬಂದ’ ಅಂದು ನೋಡಿ, ಪಕ್ಕದ ಮನೆಯ ಹುಡುಗ ಬಂದ ಹಾಗಿರುತ್ತದೆ.

ಕನ್ನಡದಲ್ಲಿ ಗೌರವ ಇರುವುದು ಹೆಸರಿಗಿಂತ ಹೆಚ್ಚಾಗಿ ಕ್ರಿಯಾಪದದಲ್ಲಿ. ‘ವಿಶ್ವೇಶ್ವರಯ್ಯ 1912ರಲ್ಲಿ ದಿವಾನರಾದರು’ ಅಂದರೆ ‘ಅವರು’ ಇಲ್ಲದೆಯೂ ಗೌರವಕ್ಕೆ ಕುಂದಿಲ್ಲ, ‘ಆದರು’ ಆ ಕೆಲಸ ಮಾಡಿದೆ. ನಿಮ್ಮ ಸಂಪಾದಕರು ‘ಬರೀ ಹೆಸರು ಸಾಕು’ ಅಂದದ್ದು ಇಂಥ ಕಡೆ ಪೂರ್ತಿ ಸರಿ.

ಆದರೆ ಹೆಸರಿಗೆ ವಿಭಕ್ತಿ ಸೇರಿದರೆ ಈ ಲೆಕ್ಕ ನಡೆಯುವುದಿಲ್ಲ. ‘ಮಹಾರಾಜರು ವಿಶ್ವೇಶ್ವರಯ್ಯನನ್ನು ದಿವಾನನನ್ನಾಗಿ ನೇಮಿಸಿದರು.’ ಓದಿದ ಕೂಡಲೇ ಕಿವಿಗೆ ಚುಚ್ಚುತ್ತದೆ. ಇಲ್ಲಿ ‘ನೇಮಿಸಿದರು’ ಮಹಾರಾಜರಿಗೆ ಸೇರಿದ್ದು, ವಿಶ್ವೇಶ್ವರಯ್ಯನವರಿಗೆ ಅದರ ಗೌರವ ಸಿಗುವುದಿಲ್ಲ. ಅದರ ಮೇಲೆ ಅಕಾರದಲ್ಲಿ ಮುಗಿಯುವ ಗಂಡಸರ ಹೆಸರಿಗೆ ಅನ್ನು, ಇಗೆ, ಅ ಸೇರುವಾಗ ನಡುವೆ ಒಂದು ‘ನ’ ಬರುತ್ತದೆ: ಅಯ್ಯನನ್ನು, ಅಯ್ಯನಿಗೆ, ಅಯ್ಯನ. ಅದು ಏಕವಚನದ ‘ನ’. ಇಂಥ ಕಡೆ ‘ಅವರು’ ಬಿಡಲೇಬಾರದು: ವಿಶ್ವೇಶ್ವರಯ್ಯನವರನ್ನು, ವಿಶ್ವೇಶ್ವರಯ್ಯನವರಿಗೆ, ವಿಶ್ವೇಶ್ವರಯ್ಯನವರ. ಪ್ರಾಂಶುಪಾಲರು ಗೆಲ್ಲುವುದು ಇಲ್ಲಿ. ಪಂಪ, ರನ್ನರ ಮಾತು ಬೇರೆ. ಅಷ್ಟು ಹಿಂದಿನ ಕವಿಗಳಿಗೆ ‘ಪಂಪನ ಕಾವ್ಯ’ ಎಂಬ ಏಕವಚನವೇ ರೂಢಿ. ಸಂಸ್ಥೆಯ ಹೆಸರಿನಲ್ಲೂ ‘ಅವರು’ ಬರುವುದಿಲ್ಲ, ‘ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ’ ಅಂತಲೇ ಅನ್ನುತ್ತೇವೆ.

ಕೊನೆಗೆ ಆ ‘ರವರು’. ಕನ್ನಡದಲ್ಲಿ ‘ರವರು’ ಎಂಬ ಪದವೇ ಇಲ್ಲ, ಇರುವುದು ‘ಅವರು’. ರಾಯರು, ಗೌಡರು ಎಂದು ಮೊದಲೇ ‘ರು’ ಹತ್ತಿದ ಪದಗಳಿಗೆ ‘ಅವರು’ ಸೇರಿದರೆ ರಾಯರವರು, ಗೌಡರವರು ಎಂದಾಗುತ್ತದೆ. ಅಲ್ಲಿನ ‘ರ’ ರಾಯರದ್ದು, ಗೌಡರದ್ದು. ಅಲ್ಲಿಂದ ಕಿತ್ತುಕೊಂಡು ಕಚೇರಿ ಕಾಗದಗಳು ಎಲ್ಲ ಹೆಸರಿಗೂ ಅಂಟಿಸಿರಬೇಕು ಎಂಬುದು ನನ್ನ ಊಹೆ. ವಿಶ್ವೇಶ್ವರಯ್ಯನಲ್ಲಿ ಅಂಥ ‘ರ’ ಇಲ್ಲ. ವಿಶ್ವೇಶ್ವರಯ್ಯನವರು ಎಂದು ಸೇರಿಸಿ ಬರೆಯಿರಿ, ಇಲ್ಲವೇ ವಿಶ್ವೇಶ್ವರಯ್ಯ ಅವರು ಎಂದು ಬಿಡಿಸಿ. ಎರಡೂ ಸರಿ, ಒಂದು ಲೇಖನದಲ್ಲಿ ಒಂದೇ ಇರಲಿ. ಇಕಾರ, ಎಕಾರದಲ್ಲಿ ಮುಗಿದರೆ ‘ಯ’ ಬರುತ್ತದೆ: ಗಾಂಧಿಯವರು, ಬೇಂದ್ರೆಯವರು. ಕುವೆಂಪು ಥರದ ಹೆಸರನ್ನು ಬಿಡಿಸಿಯೇ ಬರೆದರೆ ಚೆಂದ: ಕುವೆಂಪು ಅವರು.

ಇಷ್ಟಾದ ಮೇಲೆ ನಿಮ್ಮ ಆರಂಭ ಹೀಗಾಗಬಹುದು:

‘ಎಂ. ವಿಶ್ವೇಶ್ವರಯ್ಯ 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಮೂರು ವರ್ಷಗಳ ನಂತರ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. 1915ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ‘ಸರ್’ ಬಿರುದು ಕೊಟ್ಟಿತು.’

ಇಲ್ಲಿ ‘ನಾಲ್ವಡಿ’ಯನ್ನೂ ಗೌರವದ ಪದ ಅಂದುಕೊಂಡು ಸಂಪಾದಕರು ಹೊಡೆದುಹಾಕಿಯಾರು, ಬಿಡಬೇಡಿ. ನಾಲ್ವಡಿ ಅಂದರೆ ನಾಲ್ಕನೆಯ. ಅದು ಹೋದರೆ ಮುಮ್ಮಡಿಯವರೋ ಇವರೋ ತಿಳಿಯುವುದಿಲ್ಲ.

ಲೇಖನ ತಿದ್ದುವಾಗ ‘ರವರು’ ಹುಡುಕಿ ಒಂದೇ ಏಟಿಗೆ ಎಲ್ಲವನ್ನೂ ‘ಅವರು’ ಮಾಡಲು ಹೋಗಬೇಡಿ. ನಾನು ಒಮ್ಮೆ ಹಾಗೆ ಮಾಡಿದೆ. ‘ಗೌಡರವರು’ ಹೋಗಿ ‘ಗೌಡ ಅವರು’ ಆಯಿತು, ಅದು ಹೇಗೋ ನಡೆಯುತ್ತಿತ್ತು. ‘ಊರವರು ಸೇರಿ ಕೆರೆ ಕಟ್ಟಿದರು’ ಎಂಬ ವಾಕ್ಯ ‘ಊ ಅವರು ಸೇರಿ ಕೆರೆ ಕಟ್ಟಿದರು’ ಆಗಿ ಅಚ್ಚಿಗೂ ಹೋಯಿತು. ರವರು, ರವರ, ರವರಿಗೆ ಮೂರನ್ನೂ ಬೇರೆ ಬೇರೆಯಾಗಿ ಹುಡುಕಿ, ಒಂದೊಂದನ್ನೇ ನೋಡಿ ತಿದ್ದಿ.