ರಿವೈಂಡಿಂಗ್ ಕಸುಬಿನವರ ವಾಟ್ಸಾಪ್ ಗ್ರೂಪ್

ಪ್ರಶ್ನೆ: ಚಿತ್ರದುರ್ಗದಲ್ಲಿ ಸಬ್‌ಮರ್ಸಿಬಲ್ ಮೋಟರ್ ರಿವೈಂಡಿಂಗ್ ಮಾಡ್ತೀನಿ. ನಮ್ಮ ಕಸುಬಿನವರಿಗಷ್ಟೇ ಒಂದು ಗ್ರೂಪ್ ಮಾಡೋಣ ಅಂತಿದೀನಿ. ಗುಡ್ ಮಾರ್ನಿಂಗ್ ಫೋಟೋಗಳ ಸಂತೆ ಆಗದಂಗೆ ಹೆಂಗೆ ನಡೆಸೋದು?

ದಾವಣಗೆರೆ ಕಡೆ ನಾವೂ ಇಂಥದ್ದೊಂದು ನಡೆಸ್ತಿದೀವಿ. ಜಗಳೂರು, ಹರಿಹರ, ಚನ್ನಗಿರಿಯ ವೈಂಡರ್‌ಗಳಿದ್ದಾರೆ. ಸ್ವಂತ ಕೈಯಲ್ಲಿ ಕಾಯಿಲ್ ಹಾಕೋರನ್ನ ಮಾತ್ರ ಸೇರಿಸ್ಕೊಳ್ಳಿ. ಪಂಪ್ ಮಾರೋರು, ಬೋರ್ ಏಜೆಂಟರು ಬಂದ್ರೆ ದಿನಾ ಜಾಹೀರಾತೇ. ಅಡ್ಮಿನ್ ಒಪ್ಪಿದ ಮೇಲಷ್ಟೇ ಹೊಸಬರು ಸೇರೋ ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡಿಡಿ.

ನಮ್ಮ ಗ್ರೂಪ್ ನಿಂತಿರೋದು ಒಂದೇ ನಿಯಮದ ಮೇಲೆ. "ಮೋಟರ್ ಪದೇ ಪದೇ ಸುಡ್ತಿದೆ, ಏನ್ ಮಾಡ್ಲಿ?" ಅಂತಷ್ಟೇ ಕೇಳಿದ್ರೆ ಅಡ್ಮಿನ್ ಅಳಿಸ್ತಾರೆ. ಎಚ್‌ಪಿ, ಸ್ಟಾರೋ ಡೆಲ್ಟಾನೋ, ಸ್ಲಾಟ್, ವೈರ್ ಗೇಜ್, ಸುತ್ತು, ಸ್ಟಾರ್ಟರ್ ಹತ್ರ ಮೂರೂ ಫೇಸ್‌ನ ವೋಲ್ಟೇಜ್ ಬರೀಬೇಕು. ಇದೆಲ್ಲಕ್ಕಿಂತ ಮುಖ್ಯ, ಹಳೇ ಕಾಯಿಲ್ ಕತ್ತರಿಸೋಕೆ ಮುಂಚೆ ತೆಗೆದ ಫೋಟೋ. ಇದನ್ನೆಲ್ಲ ಗ್ರೂಪ್ ವಿವರಣೆಯಲ್ಲೇ ಹಾಕಿಡಿ.

ಫೋಟೋಗೆ ಯಾಕಿಷ್ಟು ಹಠ ಅಂದ್ರೆ, ಜಗಳೂರು ಕಡೆಯ ಒಬ್ಬರು 5 ಎಚ್‌ಪಿ ಮೋಟರ್ ಎರಡನೇ ಸಲ ಸುಟ್ಟು ಬಂತು ಅಂತ ಹಾಕಿದ್ರು. ರೈತ ವೈಂಡಿಂಗೇ ಸರಿಯಿಲ್ಲ ಅಂತ ಜಗಳಕ್ಕೆ ನಿಂತಿದ್ನಂತೆ. ಫೋಟೋದಲ್ಲಿ ಎರಡು ಫೇಸ್‌ನ ಕಾಯಿಲ್ ಕಪ್ಪಗೆ ಸುಟ್ಟಿವೆ, ಮೂರನೇದು ಹೊಸದರಂಗೆ ಇದೆ. ಸ್ಟಾರ್ ಕನೆಕ್ಷನ್‌ನಲ್ಲಿ ಹಿಂಗಿದ್ರೆ ಒಂದು ಫೇಸ್ ಬಿಟ್ಟು ಓಡಿದೆ ಅಂತ ಲೆಕ್ಕ. ಡೆಲ್ಟಾ ಆಗಿದ್ರೆ ಒಂದು ಫೇಸ್‌ನ ಕಾಯಿಲ್ ಮಾತ್ರ ಸುಡೋದು. ಅದಕ್ಕೇ ಸ್ಟಾರೋ ಡೆಲ್ಟಾನೋ ಹೇಳದೆ ಫೋಟೋ ಹಾಕಿದ್ರೂ ಉಪಯೋಗ ಕಮ್ಮಿ. ಹರಿಹರದವರೊಬ್ಬರು, "ಮೋಟರ್ ಬಿಡಿ ಅಣ್ಣ, ಸ್ಟಾರ್ಟರ್ ಕಾಂಟ್ಯಾಕ್ಟು, ಕೇಬಲ್ ಜಾಯಿಂಟು ನೋಡಿ" ಅಂದ್ರು. ಹೋಗಿ ಬಿಚ್ಚಿದ್ರೆ ಸ್ಟಾರ್ಟರ್‌ನ ಒಂದು ಕಾಂಟ್ಯಾಕ್ಟ್ ಸುಟ್ಟು ಸವೆದಿತ್ತು. ಕಾಯಿಲ್ ಮೊದಲೇ ಕತ್ತರಿಸಿ ಗುಜರಿಗೆ ಹಾಕಿದ್ರೆ ಈ ಸುಳಿವು ಅಲ್ಲಿಗೇ ಹೋಗ್ತಿತ್ತು.

ಉತ್ತರ ಸಿಕ್ಕೋರು ಕೊನೆಗೆ ಏನಾಯ್ತು ಅಂತ ಅದೇ ಮೆಸೇಜಿಗೆ ರಿಪ್ಲೈ ಮಾಡಬೇಕು. ಮಾಡದೋರ ಮುಂದಿನ ಪ್ರಶ್ನೆಯನ್ನ ನಾವು ತಡೆ ಹಿಡೀತೀವಿ. ಸ್ವಲ್ಪ ಕಟುವೇ, ಆದ್ರೆ ಕೆಲಸ ಆಗುತ್ತೆ. ಕೈಯೆಲ್ಲ ವಾರ್ನಿಷ್ ಆಗಿರುತ್ತೆ, ವಾಯ್ಸ್ ಮೆಸೇಜ್ ಬೇಡ ಅನ್ನೋಕಾಗಲ್ಲ. ಆದ್ರೆ ಮೊದಲು "5 ಎಚ್‌ಪಿ, ಸ್ಟಾರ್, 24 ಸ್ಲಾಟ್" ಅಂತ ಒಂದು ಸಾಲು ಟೈಪ್ ಮಾಡಿಸಿ. ವಾಯ್ಸ್‌ನಲ್ಲಿ ಹೇಳಿದ್ದು ಸರ್ಚ್‌ಗೆ ಸಿಗಲ್ಲ, ಮುಂದಿನ ಬೇಸಿಗೆಗೆ ಅದೇ ಪ್ರಶ್ನೆ ಮತ್ತೆ ಬರುತ್ತೆ.

ರಿವೈಂಡಿಂಗ್ ರೇಟಿನ ಮಾತು ಮಾತ್ರ ಗ್ರೂಪಲ್ಲಿ ಬೇಡವೇ ಬೇಡ. ಒಬ್ಬ ಕಮ್ಮಿ ಹೇಳಿದ, ಇನ್ನೊಬ್ಬನ ಗಿರಾಕಿ ಹೋದ ಅಂತ ಶುರುವಾದ್ರೆ ಯಾರೂ ಬಾಯಿ ಬಿಟ್ಟು ಕೆಲಸದ ವಿಷಯ ಹೇಳಲ್ಲ. ತಪ್ಪಿದೋರಿಗೆ ಎಲ್ಲರ ಮುಂದೆ ಬೈಬೇಡಿ, ಫೋನ್ ಮಾಡಿ ಹೇಳಿ, ಮತ್ತೆ ಮಾಡಿದ್ರೆ ತೆಗೆದುಹಾಕಿ. ಎರಡನೇ ಅಡ್ಮಿನ್ ನಿಮ್ಮೂರಿನವರಾಗದೆ ಹಿರಿಯೂರು ಇಲ್ಲಾ ಚಳ್ಳಕೆರೆಯವರಾದ್ರೆ ವಾಸಿ, ನಿಮ್ಮ ಪಕ್ಕದಂಗಡಿಯವರನ್ನ ತೆಗೆಯೋ ಪ್ರಸಂಗ ಬಂದಾಗ ಆ ಕೆಲಸ ಅವರೇ ಮಾಡಲಿ.