ಕರೆದರೆ ತಿರುಗುತ್ತಾಳೆ, ‘ಸ’ ಮಾತ್ರ ಬರುತ್ತಿಲ್ಲ

ಪ್ರಶ್ನೆ: ಮಗಳಿಗೆ 5 ತುಂಬಿದೆ. ‘ಸಾರು’ ಅನ್ನೋಕೆ ‘ಆರು’ ಅಂತಾಳೆ, ‘ಬಸ್ಸು’ ಅನ್ನೋಕೆ ‘ಬತ್ತು’. ಅಪ್ಪ, ಅಮ್ಮ, ಮಾವು ಎಲ್ಲಾ ಸ್ಪಷ್ಟ. ಕರೆದರೆ ತಿರುಗಿ ನೋಡ್ತಾಳೆ. ಅತ್ತೆಯವರು ‘ದೊಡ್ಡವಳಾದ್ಮೇಲೆ ಸರಿ ಹೋಗ್ತದೆ’ ಅಂತಾರೆ. ಕಿವಿ ತೋರಿಸಬೇಕಾ?
– ಒಬ್ಬ ತಾಯಿ, ಅಂಕೋಲಾ

ಉತ್ತರ: ತೋರಿಸಿ, ಕಾಯಬೇಡಿ.

ಕರೆದಾಗ ತಿರುಗುವುದಕ್ಕೆ ಹೆಸರಿನಲ್ಲಿರುವ ಸ್ವರಗಳು ಕೇಳಿಸಿದರೆ ಸಾಕು. ಆ, ಊ ಇವೆಲ್ಲ ಗಟ್ಟಿ ದನಿಗಳು, ಕೆಳಗಿನ ಶ್ರುತಿಯವು. ‘ಸ’ ಹಾಗಲ್ಲ. ಅದು ಬರೀ ಉಸಿರಿನ ಸದ್ದು, ಅದರ ಬಲ ಇರುವುದು 4000 ಹರ್ಟ್ಜ್‌ಗಿಂತ ಮೇಲೆ, ಅದೂ ತುಂಬಾ ಮೆಲ್ಲಗೆ. ಮೇಲಿನ ಶ್ರುತಿ ಕೇಳಿಸದ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಇದೇ. ಆಮೇಲೆ ಚ, ಶ. ‘ಶ’ದ ಸದ್ದು ಸ್ವಲ್ಪ ಕೆಳಗೇ ಶುರುವಾಗುವುದರಿಂದ ಎಷ್ಟೋ ಸಲ ‘ಸ’ಕ್ಕಿಂತ ಚೆನ್ನಾಗಿ ಉಳಿದಿರುತ್ತದೆ. ಪ, ಬ, ಮ ಹೇಳುವಾಗ ತುಟಿ ಕೂಡುವುದು ಕಣ್ಣಿಗೇ ಕಾಣುತ್ತದಲ್ವಾ, ಅವು ಕೆಡುವುದು ಕಡಿಮೆ.

ಯಾವ ಶ್ರುತಿಯ ಸದ್ದು ಕನಿಷ್ಠ ಎಷ್ಟು ಗಟ್ಟಿಯಿದ್ದರೆ ಕೇಳಿಸುತ್ತದೆ ಅಂತ ತೋರಿಸುವ ಕಿವಿ ಪರೀಕ್ಷೆಯ ವರದಿಯೇ ಆಡಿಯೋಗ್ರಾಮ್. ಇಂಥ ಒಂದು ಮಗುವಿನ ಆಡಿಯೋಗ್ರಾಮ್ ಹೀಗಿದೆ ಅಂದುಕೊಳ್ಳಿ: 500 ಹರ್ಟ್ಜ್‌ನಲ್ಲಿ 20 ಡೆಸಿಬೆಲ್, 1000ದಲ್ಲಿ 25, 2000ದಲ್ಲಿ 45, 4000ದಲ್ಲಿ 65. ಸಾಮಾನ್ಯವಾಗಿ ಸರಾಸರಿ ತೆಗೆಯುವುದು ಮೊದಲ ಮೂರರದ್ದು, ಅದು 30 ಬರುತ್ತದೆ. ‘ಅಲ್ಪ ದೋಷ’ ಅಂತ ಬರೆದು ಕಳಿಸಿದರೆ ಮನೆಯವರೂ ನೆಮ್ಮದಿಯಾಗಿ ಬಿಡುತ್ತಾರೆ. ಆದರೆ ಸಹಜವಾಗಿ ಮಾತಾಡುವಾಗ ‘ಸ’ ಕಿವಿಗೆ ಮುಟ್ಟುವುದು ಸುಮಾರು 25–30 ಡೆಸಿಬೆಲ್‌ನಲ್ಲಿ. 65 ಬೇಕಾದ ಮಗುವಿಗೆ ಪಕ್ಕದಲ್ಲೇ ಕೂತು ಹೇಳಿದರೂ ಅದು ಸಿಗುವುದಿಲ್ಲ. ಕೇಳಿಸದ ಅಕ್ಷರವನ್ನು ಹೇಗೆ ಹೇಳೀತು? ಹಾಗಾಗಿ ವರದಿ ಬಂದಾಗ ಸರಾಸರಿಯೊಂದನ್ನೇ ನೋಡಬೇಡಿ, 4000ದಲ್ಲಿ ಎಷ್ಟಿದೆ ಅಂತ ಕೇಳಿ.

ಕಿವಿ ಚೆನ್ನಾಗಿರುವ ಮಕ್ಕಳೂ ‘ಸ’ಕ್ಕೆ ‘ತ’ ಹೇಳುವುದುಂಟು, ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಮಕ್ಕಳಿಗೆ ವ್ಯತ್ಯಾಸ ಕೇಳಿಸುತ್ತಿರುತ್ತದೆ, ನಾಲಿಗೆ ಹೊರಳುತ್ತಿರುವುದಿಲ್ಲ ಅಷ್ಟೇ. ಇದನ್ನು ಮನೆಯಲ್ಲೇ ನೋಡಬಹುದು. ಅಕ್ಕಿ ಅಳೆಯುವ ಸೇರು, ಮಾರಿಕಾಂಬೆಯ ತೇರಿನ ಚಿತ್ರ, ಎರಡನ್ನೂ ಮುಂದಿಟ್ಟು ಮೊದಲು ಹೆಸರು ಪರಿಚಯ ಮಾಡಿಸಿ. ಫ್ಯಾನು, ಟಿವಿ ಆರಿಸಿ, ಮಳೆ ಹೊಯ್ಯುವಾಗ ಬೇಡವೇ ಬೇಡ. ಮಗುವಿನ ಹಿಂದೆ ಒಂದು ಮೀಟರ್ ದೂರ ಕೂತು, ಯಾವಾಗಿನ ದನಿಯಲ್ಲೇ ‘ಸೇರು ತೋರಿಸು’, ‘ತೇರು ತೋರಿಸು’ ಅಂತ ಕಲಸಿ ಕಲಸಿ ಹತ್ತು ಸಲ ಹೇಳಿ. ಒಂದೆರಡು ಸಲ ಹೇಳಿ ನಿಲ್ಲಿಸಬೇಡಿ, ಸುಮ್ನೆ ಊಹಿಸಿದರೂ ಅರ್ಧದಷ್ಟು ಸರಿ ಬರುತ್ತದೆ. ಒಂಬತ್ತು-ಹತ್ತು ಸರಿಯಾದರೆ ತೊಂದರೆ ಉಚ್ಚಾರಣೆಯಲ್ಲಿ ಇರುವ ಸಾಧ್ಯತೆ ಜಾಸ್ತಿ. ಐದಾರು ಮಾತ್ರ ಸರಿಯಾದರೆ ಕಿವಿಯ ಮೇಲೆ ಅನುಮಾನ ಪಡಲೇಬೇಕು.

ಇದು ಸುಳಿವು ಮಾತ್ರ. ಹತ್ತಕ್ಕೆ ಹತ್ತು ಬಂದರೂ ಪರೀಕ್ಷೆ ತಪ್ಪಿಸಬೇಡಿ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಕಿವಿಯೊಳಗೆ ನೀರು ಕಟ್ಟಿದೆಯಾ ಅಂತ ಮೊದಲು ನೋಡಿಸಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಇದು ಸಾಮಾನ್ಯ, ಆಗ ಕೇಳಿಸುವುದು ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ, ಮತ್ತು ಅದಕ್ಕೆ ಚಿಕಿತ್ಸೆಯ ದಾರಿಯೇ ಬೇರೆ.